ಆಂಪ್ಲಿಫೈಯರ್‌ನ ಗುಂಯ್ ಸದ್ದು ಬಯಾಸ್ ದಾರಿಯಿಂದ ಬರುತ್ತಿತ್ತು

12 ವೋಲ್ಟ್ ಒಂದೇ ಸಪ್ಲೈನಲ್ಲಿ 10 ಪಟ್ಟು ಗೇನ್ ಇರುವ ಇನ್ವರ್ಟಿಂಗ್ ಆಂಪ್ಲಿಫೈಯರ್ ಕಟ್ಟಿದ್ದೆ. ಇನ್‌ಪುಟ್ ಅನ್ನು ಗ್ರೌಂಡ್‌ಗೆ ಜೋಡಿಸಿದರೂ ಗುಂಯ್ ಸದ್ದು ನಿಲ್ಲಲಿಲ್ಲ. ಸ್ಕೋಪ್‌ನಲ್ಲಿ ಔಟ್‌ಪುಟ್‌ನಲ್ಲಿ 110 ಮಿಲಿವೋಲ್ಟ್, 100 ಹರ್ಟ್ಜ್. ಮೇನ್ಸ್ 50 ಹರ್ಟ್ಜ್ ತಾನೆ? ಎರಡು ಪಟ್ಟು ಇದ್ದರೆ ಅದು ರೆಕ್ಟಿಫೈಯರ್ ನಂತರದ ರಿಪಲ್. ಸಪ್ಲೈನಲ್ಲಿ ಅದು 20 ಮಿಲಿವೋಲ್ಟ್ ಇತ್ತು.

ಮೊದಲು ಆಪ್-ಆಂಪ್ ಮೇಲೆಯೇ ಅನುಮಾನ ಬಂತು. ಆದರೆ ಲೆಕ್ಕ ಹೊಂದಲಿಲ್ಲ. ಅದರ ಸಪ್ಲೈ ರಿಜೆಕ್ಷನ್ 80 ಡೆಸಿಬೆಲ್, ಅಂದರೆ 20 ಮಿಲಿವೋಲ್ಟ್ ಇನ್‌ಪುಟ್‌ನಲ್ಲಿ ಬರೀ 2 ಮೈಕ್ರೋವೋಲ್ಟ್‌ನಂತೆ ಕಾಣಬೇಕು.

ತಪ್ಪು ಇದ್ದದ್ದು ಬಯಾಸ್‌ನಲ್ಲಿ. 6 ವೋಲ್ಟ್‌ಗಾಗಿ ಎರಡು 100 ಕಿಲೋಓಮ್ ರೆಸಿಸ್ಟರ್ ಹಾಕಿದ್ದೆ. ಅವು ರಿಪಲ್ ಅನ್ನೂ ಅರ್ಧ ಮಾಡಿ, 10 ಮಿಲಿವೋಲ್ಟ್ ಅನ್ನು ನೇರವಾಗಿ ಪ್ಲಸ್ ಇನ್‌ಪುಟ್‌ಗೆ ಕೊಡುತ್ತಿದ್ದವು. ಆ ಇನ್‌ಪುಟ್‌ಗೆ ಗೇನ್ 10 ಅಲ್ಲ, 11. ಅಲ್ಲಿಗೆ 110 ಸರಿಹೋಯಿತು. ಆಪ್-ಆಂಪ್‌ಗೆ ಇದು ಸಿಗ್ನಲ್ಲೇ, ಅದು ಹೇಗೆ ತಡೆಯುತ್ತೆ ಅಲ್ವಾ?

ಮಧ್ಯದ ಬಿಂದುವಿನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಎರಡು ರೆಸಿಸ್ಟರ್ ಸೇರಿ 50 ಕಿಲೋಓಮ್‌ನಂತೆ ವರ್ತಿಸುವುದರಿಂದ 100 ಹರ್ಟ್ಜ್ ಸುಮಾರು 300 ಪಟ್ಟು ತಗ್ಗುತ್ತದೆ. ಔಟ್‌ಪುಟ್ 0.4 ಮಿಲಿವೋಲ್ಟ್‌ಗಿಂತ ಕೆಳಗಿಳಿಯಿತು, ಸದ್ದು ಹೋಯಿತು. ಆದರೆ ಆನ್ ಮಾಡಿದ ಮೇಲೆ ಬಯಾಸ್ ನೆಲೆಗೊಳ್ಳಲು ಎರಡು ಸೆಕೆಂಡ್ ಬೇಕು. ಕೆಪಾಸಿಟರ್ ಸುಮ್ನೆ ದೊಡ್ಡದು ಮಾಡಿದರೆ ಇನ್ನೂ ಜಾಸ್ತಿ.

ಸ್ವಿಚಿಂಗ್ ಸಪ್ಲೈ ಬಳಸುವವರು ಆಪ್-ಆಂಪ್‌ನ ಸಪ್ಲೈ ಪಿನ್ ಹತ್ತಿರವೂ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿ. ಫ್ರೀಕ್ವೆನ್ಸಿ ಏರಿದಂತೆ ಆಪ್-ಆಂಪ್ ರಿಪಲ್ ತಡೆಯುವ ಶಕ್ತಿ ಕುಸಿಯುತ್ತದೆ.