ವಿಷಯದ ಸಾಲಿನ ಮೊದಲ 28 ಅಕ್ಷರಗಳು

ಪೇರೋಲ್ ವಿಭಾಗದಲ್ಲಿ ಐದು ವರ್ಷ ದುಡಿದ ಮೇಲೆ ಬೇರೆ ಕೆಲಸ ಹುಡುಕಲು ಹೊರಟ ನಾನು, ಎರಡು ತಿಂಗಳಲ್ಲಿ 23 ಅರ್ಜಿಗಳನ್ನು ಇಮೇಲ್ ಮೂಲಕ ಕಳುಹಿಸಿದ್ದೆ. ಉತ್ತರ ಬಂದದ್ದು ಎರಡಕ್ಕೆ ಮಾತ್ರ. ಅದರಲ್ಲಿ ಒಂದು, ಅರ್ಜಿ ತಲುಪಿದೆ ಎಂದು ತಾನಾಗಿಯೇ ಬರುವ ಉತ್ತರ. ದೋಷ ರೆಸ್ಯೂಮೆಯಲ್ಲಿರಬೇಕೆಂದು ಭಾವಿಸಿ ಅದನ್ನು ನಾಲ್ಕು ಸಲ ತಿದ್ದಿದೆ, ಜೊತೆಗೆ ಬರೆಯುವ ಪತ್ರವನ್ನು ಎರಡು ಸಲ ಹೊಸದಾಗಿ ಬರೆದೆ. ಇವೆಲ್ಲವೂ ಮೇಲ್ ತೆರೆದವರಿಗಷ್ಟೇ ಕಾಣುತ್ತವೆ, ತೆರೆಯುವುದೋ ಬಿಡುವುದೋ ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ವಿಷಯದ ಸಾಲನ್ನು ಕೊನೆಯಲ್ಲಿ, ಕಳುಹಿಸುವ ಗುಂಡಿ ಒತ್ತುವ ಮುನ್ನ, ಅಭ್ಯಾಸಬಲದಿಂದ ಹೀಗೆ ತುಂಬುತ್ತಿದ್ದೆ:

```
Application for the post of Payroll Specialist
```

ಹಿಂದೆ ನನ್ನೊಂದಿಗೆ ಕೆಲಸ ಮಾಡಿದ್ದ, ಈಗ ನೇಮಕಾತಿ ವಿಭಾಗದಲ್ಲಿರುವ ಗೆಳತಿಯೊಬ್ಬಳು ಒಂದು ಸಂಜೆ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಏನೂ ಹೇಳದೆ ತನ್ನ ಫೋನಿನ ಇನ್‌ಬಾಕ್ಸ್ ತೆರೆದು, ಅರ್ಜಿದಾರರ ಹೆಸರುಗಳನ್ನು ಬೆರಳಿನಿಂದ ಮುಚ್ಚಿ ತೋರಿಸಿದಳು. ಒಂದು ಪರದೆಯಲ್ಲಿ ಕಂಡ ಎಂಟು ಮೇಲ್‌ಗಳಲ್ಲಿ ಐದು `Application for` ಎಂಬ ಎರಡು ಪದಗಳಿಂದಲೇ ಆರಂಭವಾಗಿದ್ದವು. ಫೋನಿನಲ್ಲಿ ವಿಷಯದ ಸಾಲಿನ ಸುಮಾರು 35ರಿಂದ 40 ಅಕ್ಷರಗಳಷ್ಟೇ ಕಾಣುತ್ತವೆ, ಉಳಿದದ್ದು ಮೂರು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಕಂಪ್ಯೂಟರಿನಲ್ಲಿ ಇನ್ನಷ್ಟು ಕಂಡರೂ ಅದೂ ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸಿಹೋಗುತ್ತದೆ. ನಾನು ನನ್ನ ಸಾಲನ್ನು ಎಣಿಸಿ ನೋಡಿದೆ. `Application for the post of` ಎಂಬುದಕ್ಕೆ, ಪದಗಳ ನಡುವಿನ ಖಾಲಿ ಜಾಗಗಳನ್ನೂ ಅದರ ಮುಂದಿನ ಜಾಗವನ್ನೂ ಸೇರಿಸಿದರೆ, 28 ಅಕ್ಷರಗಳು ಖರ್ಚಾಗುತ್ತಿದ್ದವು. ಹುದ್ದೆಯ ಹೆಸರು ಆರಂಭವಾಗುತ್ತಿದ್ದುದೇ 29ನೆಯ ಅಕ್ಷರದಿಂದ. ಆಕೆಯ ಫೋನಿನಲ್ಲಿ ನನ್ನಂಥವರ ಸಾಲು `Payroll S…` ಎಂಬಲ್ಲಿಗೆ ನಿಂತುಬಿಡುತ್ತಿತ್ತು. ಇದು ಅರ್ಜಿ ಎಂಬುದು ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು, ಯಾವ ಹುದ್ದೆಗೆ ಎಂಬುದು.

"ನಾನು ಇದನ್ನು ಓದುವುದಿಲ್ಲ, ಇದರಲ್ಲಿ ಹುಡುಕುತ್ತೇನೆ," ಎಂದಳು ಆಕೆ. ಆ ಮಾತಿನ ಅರ್ಥ ನನಗೆ ಸ್ವಲ್ಪ ತಡವಾಗಿ ತಿಳಿಯಿತು. ಆಕೆಯ ಕೈಯಲ್ಲಿ ಒಂದೇ ಸಮಯಕ್ಕೆ ಹತ್ತು ಹನ್ನೆರಡು ಹುದ್ದೆಗಳಿರುತ್ತವೆ. ಇವತ್ತು ಒಂದು ಹುದ್ದೆಗೆ ನಾಲ್ಕು ಜನರನ್ನು ಆರಿಸಬೇಕೆಂದಾದರೆ, ಜಾಹೀರಾತಿನಲ್ಲಿ ಆ ಹುದ್ದೆಗೆ ಕೊಟ್ಟ ಸಂಖ್ಯೆಯನ್ನು ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ, ಬಂದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಕಣ್ಣಾಡಿಸುತ್ತಾಳೆ. ಸಂಖ್ಯೆ ಇಲ್ಲದ ಅರ್ಜಿ ಆ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಗೆ ಬಂದವುಗಳಲ್ಲಿ ಮೊದಲು ತೆರೆಯುವುದು, ಹುದ್ದೆಗೆ ಬೇಕಾದ ಯಾವುದಾದರೂ ಒಂದು ಅಂಶ ಹೊರಗಿನಿಂದಲೇ ಕಾಣುವಂಥದ್ದನ್ನು. ಹಾಗಾಗಿ ವಿಷಯದ ಸಾಲಿಗೆ ಎರಡು ಕೆಲಸಗಳಿವೆ: ಹುಡುಕಿದಾಗ ಸಿಗಬೇಕು, ಸಿಕ್ಕಿದಾಗ ಪಕ್ಕದ ಸಾಲುಗಳಿಗಿಂತ ಬೇರೆಯಾಗಿ ಕಾಣಬೇಕು. ನನ್ನ ಹಳೆಯ ಸಾಲು ಎರಡನ್ನೂ ಮಾಡುತ್ತಿರಲಿಲ್ಲ.

ಅಲ್ಲಿಂದ ಬಂದವನೇ ನಾನು ಮಾಡಿದ್ದು ಎದುರುದಿಕ್ಕಿನ ತಪ್ಪು. ಬೇರೆಯಾಗಿ ಕಾಣಬೇಕೆಂಬ ಹುಮ್ಮಸ್ಸಿನಲ್ಲಿ ಐದು ವರ್ಷದ ಅನುಭವ, ಮೂರು ಸಾಫ್ಟ್‌ವೇರ್‌ಗಳ ಹೆಸರು, ಪದವಿ, ತಕ್ಷಣ ಸೇರಬಲ್ಲೆ ಎಂಬ ಮಾತು, ಇವನ್ನೆಲ್ಲ ಅಡ್ಡಗೆರೆಗಳ ನಡುವೆ ತುರುಕಿದ ಸಾಲೊಂದನ್ನು ಸಿದ್ಧಪಡಿಸಿ, ಅದನ್ನು ಮೂರು ಕಡೆಗೆ ಕಳುಹಿಸಿಯೂ ಬಿಟ್ಟೆ. ಅದು ಸಾಮಾನುಗಳ ಪಟ್ಟಿಯಂತಿತ್ತು. ಅರ್ಧಕ್ಕಿಂತ ಹೆಚ್ಚು ಭಾಗ ಯಾರಿಗೂ ಕಾಣುವಂತಿರಲಿಲ್ಲ. ಇದಕ್ಕಿಂತ ನಾಚಿಕೆಗೇಡಿನದೊಂದನ್ನೂ ಹೇಳಿಬಿಡುತ್ತೇನೆ. ಹಿಂದೆಯೇ ಮಾತುಕತೆ ನಡೆದಿದೆ ಎಂಬ ಭ್ರಮೆ ಹುಟ್ಟಿಸಲು ಹೊಸ ಮೇಲ್‌ನ ವಿಷಯದ ಮುಂದೆ `Re:` ಎಂದು ಕೈಯಾರೆ ಬರೆದು ಒಂದು ಅರ್ಜಿ ಕಳುಹಿಸಿದ್ದೆ. ಗೆಳತಿಗೆ ಹೇಳಿದಾಗ ಆಕೆ ನಕ್ಕು, ಅಂಥವನ್ನು ತಾನು ಖಂಡಿತ ತೆರೆಯುವುದಾಗಿಯೂ, ಕೆಳಗೆ ಹಳೆಯ ಮೇಲ್ ಇಲ್ಲವೆಂದು ಕಂಡ ಕೂಡಲೇ ಮುಚ್ಚುವುದಾಗಿಯೂ ತಿಳಿಸಿದಳು. ತೆರೆಸುವುದೊಂದೇ ಗುರಿಯಾದರೆ ಆ ಉಪಾಯ ಫಲಿಸುತ್ತದೆ. ಕೆಲಸ ಬೇಕಾದರೆ ಫಲಿಸುವುದಿಲ್ಲ.

ಆಮೇಲೆ ಸಮಾಧಾನವಾಗಿ ಕುಳಿತು, ಒಂದು ಜಾಹೀರಾತನ್ನು ಮುಂದಿಟ್ಟುಕೊಂಡು ಸಾಲನ್ನು ಕಟ್ಟಿದೆ. ಅದರಲ್ಲಿ ಹುದ್ದೆಯ ಹೆಸರು `Payroll Specialist`, ಸಂಖ್ಯೆ `Ref 4417` ಎಂದಿತ್ತು. ನನ್ನ ಆಗಿನ ಹುದ್ದೆಯ ಹೆಸರು ಬೇರೆಯೇ ಆಗಿದ್ದರೂ, ಅರ್ಥ ಒಂದೇ ಅಲ್ಲವೇ ಎಂದು ನನ್ನ ಹುದ್ದೆಯ ಹೆಸರನ್ನು ಹಾಕಲು ಹೋಗದೆ, ಅವರು ಕೊಟ್ಟ ಹುದ್ದೆಯ ಹೆಸರನ್ನು ಅವರು ಬರೆದ ಹಾಗೆಯೇ ಸಾಲಿನ ಆರಂಭಕ್ಕೆ ತಂದೆ. ಉಳಿದ ಜಾಗಕ್ಕೆ ಒಂದೇ ಒಂದು ಅಂಶವನ್ನು ಆರಿಸಬೇಕಿತ್ತು, ಮತ್ತು ನಿಜವಾಗಿ ಹೊತ್ತು ಹಿಡಿದದ್ದು ಇಲ್ಲಿಯೇ. ಜಾಹೀರಾತನ್ನು ಮತ್ತೆ ಓದಿದಾಗ ಒಂದು ವಿಷಯ ಗಮನಕ್ಕೆ ಬಂತು: ಸಾಫ್ಟ್‌ವೇರ್‌ಗಳ ಹೆಸರು ಕೊನೆಯಲ್ಲಿ ಒಮ್ಮೆ ಬಂದಿತ್ತು, ಆದರೆ ದೊಡ್ಡ ಸಂಖ್ಯೆಯ ನೌಕರರ ಸಂಬಳವನ್ನು ತಿಂಗಳ ಕೊನೆಗೆ ತಪ್ಪದೆ ಮುಗಿಸಬೇಕೆಂಬ ಮಾತು ಬೇರೆ ಬೇರೆ ರೂಪದಲ್ಲಿ ಮೂರು ಕಡೆ ಇತ್ತು. ಯಾವ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಾರೋ ಅಲ್ಲಿ ಅವರಿಗೆ ನೋವಿದೆ ಎಂದು ನಾನು ಊಹಿಸಿದೆ. ನಾನು ನೋಡಿಕೊಳ್ಳುತ್ತಿದ್ದುದು 600 ನೌಕರರ ಸಂಬಳ. ಪರಿಶ್ರಮಿ, ನಿಷ್ಠಾವಂತ ಎಂಬಂಥ ಗುಣವಾಚಕಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. 600 ಎಂಬುದನ್ನು ರೆಸ್ಯೂಮೆಯಲ್ಲಿ ನೋಡಿ ತಾಳೆ ಹಾಕಬಹುದು. ಕೊನೆಗೆ ಸಾಲು ಹೀಗಾಯಿತು:

```
Payroll Specialist, Ref 4417: 5 yrs, 600-employee payroll
```

ಒಟ್ಟು 57 ಅಕ್ಷರಗಳು. ಹುದ್ದೆಯೂ ಸಂಖ್ಯೆಯೂ ಮೊದಲ 28ರಲ್ಲೇ ಮುಗಿದವು. ಹಿಂದೆ ಹುದ್ದೆಯ ಹೆಸರಿಗೆ ತಲುಪುವ ಮೊದಲೇ ನಾನು ಕಳೆಯುತ್ತಿದ್ದುದೂ ಅಷ್ಟನ್ನೇ ಎಂಬುದು ಕಾಕತಾಳೀಯ, ಆದರೂ ಎಣಿಸಿದಾಗ ನನಗೆ ಖುಷಿಯಾಯಿತು. ಫೋನಿನಲ್ಲಿ ಸಾಲು `5 yrs` ಎಂಬಲ್ಲಿಗೆ ಕತ್ತರಿಸಿದರೂ ಮುಖ್ಯವಾದದ್ದು ಉಳಿಯುತ್ತದೆ, ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಪೂರ್ತಿ ಕಾಣುತ್ತದೆ. ಕಳುಹಿಸುವ ಮೊದಲು ನನ್ನದೇ ಇನ್ನೊಂದು ಖಾತೆಗೆ ಕಳುಹಿಸಿ, ಫೋನಿನಲ್ಲಿ ಬೇರೆ ಮೇಲ್‌ಗಳ ನಡುವೆ ಅದು ಹೇಗೆ ಕಾಣುತ್ತದೆಂದು ನೋಡಿದೆ.

ಹಾಗೆ ನೋಡಿದ್ದರಿಂದ ಇನ್ನೆರಡು ಹುಳುಕುಗಳು ಸಿಕ್ಕವು. ವಿಷಯದ ಸಾಲಿಗಿಂತ ಮೇಲೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಕಾಣುವುದು ಕಳುಹಿಸಿದವರ ಹೆಸರು. ನನ್ನ ಖಾತೆಯಲ್ಲಿ ಕಾಲೇಜಿನ ದಿನಗಳ ಅಡ್ಡಹೆಸರು ಹಾಗೆಯೇ ಉಳಿದಿತ್ತು. 23 ಅರ್ಜಿಗಳೂ ಆ ಹೆಸರಿನಲ್ಲಿಯೇ ಹೋಗಿದ್ದವು ಎಂದು ತಿಳಿದಾಗ ಆದ ಮುಜುಗರವನ್ನು ಇಲ್ಲಿ ವಿವರಿಸುವುದಿಲ್ಲ. ಇನ್ನೊಂದು, ವಿಷಯದ ಕೆಳಗೆ ಅಥವಾ ಪಕ್ಕದಲ್ಲಿ ಪತ್ರದ ಮೊದಲ ಕೆಲವು ಪದಗಳು ಮಾಸಲು ಬಣ್ಣದಲ್ಲಿ ಕಾಣುತ್ತವೆ, ಮತ್ತು ನನ್ನದು ವಂದನೆಯ ನಂತರ ಈ ಪತ್ರವನ್ನು ಏಕೆ ಬರೆಯುತ್ತಿದ್ದೇನೆಂಬ ಪೀಠಿಕೆಯಲ್ಲೇ ಆ ಜಾಗವನ್ನು ಮುಗಿಸುತ್ತಿತ್ತು. ವಂದನೆಯನ್ನು ಚಿಕ್ಕದಾಗಿಸಿ, ಮೊದಲ ವಾಕ್ಯವನ್ನು ತಿಂಗಳ ಕೊನೆಯ ಲೆಕ್ಕವನ್ನು ಎಷ್ಟು ದಿನಗಳಲ್ಲಿ ಮುಗಿಸುತ್ತೇನೆ ಎಂಬುದರಿಂದ ಆರಂಭಿಸಿದೆ. ವಿಷಯದಲ್ಲಿ ಹೇಳಿದ್ದನ್ನೇ ಅಲ್ಲಿ ಮತ್ತೆ ಹೇಳದೆ ಅದರ ಮುಂದಿನ ಮಾತನ್ನು ಹೇಳಿದರೆ, ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ವಾಕ್ಯದಂತೆ ಓದಿಸಿಕೊಳ್ಳುತ್ತವೆ.

ಈ ಮಾದರಿಯನ್ನು ಕುರುಡಾಗಿ ಅನುಸರಿಸಿ ಎಡವಿದ್ದೂ ಇದೆ. ಜಾಹೀರಾತಿನಲ್ಲಿಯೇ ವಿಷಯದ ಸಾಲು ಹೇಗಿರಬೇಕೆಂದು ಹೇಳಿದ್ದರೆ, ಅದು ಎಷ್ಟೇ ಒರಟಾಗಿ ಕಂಡರೂ ಹಾಗೆಯೇ ಬರೆಯಬೇಕು. ಒಂದು ಕಡೆ ಹುದ್ದೆಯ ಸಂಖ್ಯೆಯನ್ನು ನಡುವೆ ಜಾಗವಿಲ್ಲದೆ `FIN2208` ಎಂದು ಕೊಟ್ಟು, ವಿಷಯದಲ್ಲಿ ಅದನ್ನೇ ಬರೆಯಲು ಸೂಚಿಸಿದ್ದರು. ನಾನು ಅಂದವಾಗಿರಲೆಂದು `FIN 2208` ಎಂದು ಬಿಡಿಸಿ ಬರೆದೆ. ಹತ್ತು ದಿನ ಕಳೆದು ಫೋನ್ ಮಾಡಿ ವಿಚಾರಿಸಿದಾಗ, ಆ ಹುದ್ದೆಯ ಅರ್ಜಿಗಳ ಫೋಲ್ಡರ್‌ನಲ್ಲಿ ನನ್ನದು ಇಲ್ಲವೆಂದರು. ಸಂಖ್ಯೆ ಇರುವ ಮೇಲ್‌ಗಳು ತಾವಾಗಿಯೇ ಆ ಫೋಲ್ಡರ್‌ಗೆ ಹೋಗುವಂತೆ ಅವರು ನಿಯಮ ಹಾಕಿಟ್ಟಿದ್ದರು. ನನ್ನ ಒಂದು ಖಾಲಿ ಜಾಗದಿಂದಾಗಿ ಮೇಲ್ ಸಾಮಾನ್ಯ ಇನ್‌ಬಾಕ್ಸ್‌ನಲ್ಲಿಯೇ ಉಳಿದಿತ್ತು. ಅಷ್ಟರಲ್ಲಿ ಆಯ್ಕೆಯ ಮೊದಲ ಸುತ್ತು ಮುಗಿದಿತ್ತು. ಅಂದಿನಿಂದ ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡುವುದನ್ನು ಬಿಟ್ಟು, ಜಾಹೀರಾತಿನಿಂದಲೇ ಕಾಪಿ ಮಾಡುತ್ತೇನೆ.

ಮೇಲ್ ತೆರೆದರೋ ಇಲ್ಲವೋ ಎಂದು ತಿಳಿಸುವ ಉಪಕರಣಗಳನ್ನು ಬಳಸುವ ಆಸೆಯೂ ಒಮ್ಮೆ ಬಂದಿತ್ತು. ಅವು ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಇಟ್ಟು, ಅದು ಲೋಡ್ ಆದಾಗ ಮೇಲ್ ತೆರೆಯಿತೆಂದು ಲೆಕ್ಕ ಹಾಕುತ್ತವೆ. ಆದರೆ 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ತಂದ ಖಾಸಗಿತನ ರಕ್ಷಣೆಯ ಸೌಲಭ್ಯವು, ಓದುಗ ಮೇಲ್ ಮುಟ್ಟದಿದ್ದರೂ ಚಿತ್ರಗಳನ್ನು ಹಿನ್ನೆಲೆಯಲ್ಲಿ ಮೊದಲೇ ಲೋಡ್ ಮಾಡಿಬಿಡುತ್ತದೆ. ಚಿತ್ರಗಳನ್ನು ತಡೆಹಿಡಿದಿರುವ ಕಡೆ ತೆರೆದರೂ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ನಂಬದೆ, ಮನುಷ್ಯರು ಬರೆದ ಉತ್ತರಗಳನ್ನಷ್ಟೇ ಎಣಿಸಿದೆ. ಹೊಸ ರೀತಿಯಲ್ಲಿ ಕಳುಹಿಸಿದ 11 ಅರ್ಜಿಗಳಿಗೆ ನಾಲ್ಕು ಉತ್ತರ ಬಂದವು. ರೆಸ್ಯೂಮೆಯೂ ಆ ವೇಳೆಗೆ ಸುಧಾರಿಸಿತ್ತು, ಅಡ್ಡಹೆಸರೂ ಹೋಗಿತ್ತು. ಎಲ್ಲ ಶ್ರೇಯವನ್ನೂ ವಿಷಯದ ಸಾಲಿಗೇ ಕೊಡಲಾರೆ. ಕಂಪನಿಯ ಜಾಲತಾಣದ ಫಾರ್ಮ್ ತುಂಬಿ ಸಲ್ಲಿಸುವ ಅರ್ಜಿಗಳಲ್ಲಂತೂ ಈ ಸಾಲಿಗೆ ಜಾಗವೇ ಇಲ್ಲ.

`Ref 4417`ಕ್ಕೆ ಒಂದು ವಾರ ಉತ್ತರ ಬರಲಿಲ್ಲ. ಆಗ ಹೊಸ ವಿಷಯ ಬರೆದು ಬೇರೊಂದು ಮೇಲ್ ಕಳುಹಿಸುವ ಬದಲು, ಕಳುಹಿಸಿದ ಮೇಲ್‌ಗಳ ಫೋಲ್ಡರ್‌ನಲ್ಲಿದ್ದ ನನ್ನದೇ ಅರ್ಜಿಯನ್ನು ತೆರೆದು, ಅದಕ್ಕೇ ಉತ್ತರಿಸುವಂತೆ ಅದೇ ವಿಳಾಸಕ್ಕೆ ಮೂರು ಸಾಲು ಬರೆದೆ. ವಿಷಯ ಬದಲಾಗದಿದ್ದುದರಿಂದ ಎರಡೂ ಒಂದೇ ಸರಪಳಿಯಲ್ಲಿ ಉಳಿದವು, ರೆಸ್ಯೂಮೆಯೂ ಕೆಳಗೆಯೇ ಇತ್ತು. ಈ ಸಲ ಮುಂದೆ ಬಂದ `Re:` ನಿಜವಾದದ್ದು. ಮರುದಿನ ನೇಮಕಾತಿ ಅಧಿಕಾರಿ ಅದನ್ನು ಹಾಗೆಯೇ ವಿಭಾಗದ ಮುಖ್ಯಸ್ಥರಿಗೆ ಫಾರ್ವರ್ಡ್ ಮಾಡಿದರು, ನನ್ನ ಸಾಲೂ ಅದರೊಂದಿಗೆ ಹೋಯಿತು. ಸಂದರ್ಶನದಲ್ಲಿ ಮುಖ್ಯಸ್ಥರು ರೆಸ್ಯೂಮೆಯನ್ನು ಇನ್ನೂ ಬಿಡಿಸದೆ ಕೇಳಿದ ಮೊದಲ ಪ್ರಶ್ನೆ, "600 ಜನರ ಸಂಬಳ ಎಂದು ಬರೆದಿದ್ದೀರಿ. ಕಳೆದ ವರ್ಷ ಅದರಲ್ಲಿ ಎಷ್ಟು ತಪ್ಪಾಯಿತು, ಹೇಳಿ" ಎಂಬುದಾಗಿತ್ತು. ಆ ಸಂಖ್ಯೆಯನ್ನು ಸಾಲಿನಲ್ಲಿ ಬರೆದ ದಿನವೇ ಈ ಲೆಕ್ಕವನ್ನೂ ತೆಗೆದಿಟ್ಟುಕೊಂಡಿದ್ದೆ.