ಬದಲಿಸಿದ ಮುಖ ಯಾಕೆ ಹೊಂದುವುದಿಲ್ಲ? ಮೊದಲು ತಲೆಯ ಕೋನ ನೋಡಿ

ಗುಂಪು ಫೋಟೊದಲ್ಲಿ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಅವರದೇ ಇನ್ನೊಂದು ಫೋಟೊದಿಂದ ಮುಖ ತಂದು ಕೂರಿಸುತ್ತೇವೆ. ಬಣ್ಣ ಹೊಂದುತ್ತದೆ, ಅಂಚೂ ಕಾಣುವುದಿಲ್ಲ. ಆದರೂ ಏನೋ ಸರಿಯಿಲ್ಲ ಅನಿಸುತ್ತದೆ, ಅಲ್ವಾ? ಆಗ ಹೆಚ್ಚಿನವರು ಬಣ್ಣವನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ತಪ್ಪು ಇರುವುದು ತಲೆಯ ಕೋನದಲ್ಲಿ.

1. ವಾಲಿದ ತಲೆ. ಭುಜದ ಕಡೆಗೆ ವಾಲಿದ್ದರೆ ಚಿಂತೆ ಬೇಡ. ಎರಡೂ ಕಣ್ಣುಗಳ ಹೊರತುದಿ ಸೇರಿಸಿ ಒಂದು ಗೆರೆ ಎಳೆಯಿರಿ. ಎರಡೂ ಫೋಟೊದ ಗೆರೆಗಳು ಒಂದೇ ಓರೆಗೆ ಬರುವವರೆಗೆ ಮುಖ ತಿರುಗಿಸಿ. ಮುಖದ ಜೊತೆ ಮೂಗಿನ ನೆರಳೂ ತಿರುಗುತ್ತದೆ, ಅದನ್ನಷ್ಟು ಗಮನಿಸಿ.

2. ಪಕ್ಕಕ್ಕೆ ತಿರುಗಿದ ತಲೆ. ಎಲ್ಲರೂ ಎಡವುವುದು ಇಲ್ಲೇ. ನೇರ ನೋಡುವ ಮುಖವನ್ನು 30 ಡಿಗ್ರಿ ಪಕ್ಕಕ್ಕೆ ತಿರುಗಿದ ತಲೆಗೆ ಕೂರಿಸುತ್ತಿದ್ದೀರಿ ಅಂದುಕೊಳ್ಳಿ. ತಿರುಗಿದ ತಲೆಯಲ್ಲಿ ಕಣ್ಣುಗಳ ನಡುವಿನ ಅಂತರ ಸುಮಾರು ಶೇ 13ರಷ್ಟು ಕಡಿಮೆ ಕಾಣುತ್ತದೆ. ಕಣ್ಣಿನ ಅಳತೆಗೆ ಹೊಂದಲಿ ಎಂದು ಇಡೀ ಮುಖ ಕುಗ್ಗಿಸಿದರೆ ಹಣೆಯಿಂದ ಗದ್ದದವರೆಗಿನ ಉದ್ದವೂ ಕುಗ್ಗುತ್ತದೆ. ತಲೆ ಪಕ್ಕಕ್ಕೆ ತಿರುಗಿದಾಗ ಆ ಉದ್ದ ಹಾಗೇ ಉಳಿಯುತ್ತದೆ. ಹಾಗಾಗಿ ದೊಡ್ಡ ತಲೆಗೆ ಪುಟ್ಟ ಮುಖ ಅಂಟಿಸಿದ ಹಾಗಾಗುತ್ತದೆ.

ಅಗಲ ಮಾತ್ರ ಕುಗ್ಗಿಸಿದರೆ? ಆಗ ಮೂಗು ಕೈಕೊಡುತ್ತದೆ. ಮೂಗು ಮುಂದಕ್ಕೆ ಚಾಚಿಕೊಂಡಿದೆ. ತಲೆ 30 ಡಿಗ್ರಿ ತಿರುಗಿದರೆ ಅದರ ತುದಿ, ತಾನು ಚಾಚಿರುವುದರ ಅರ್ಧದಷ್ಟು ಪಕ್ಕಕ್ಕೆ ಸರಿಯುತ್ತದೆ. ನೀವು ತಂದ ಮುಖದಲ್ಲಿ ಅದು ನಟ್ಟನಡುವೆಯೇ ನಿಂತಿರುತ್ತದೆ. ಕಿವಿ, ದವಡೆ ಒಂದು ಕಡೆ ತಿರುಗಿವೆ, ಮುಖ ಮಾತ್ರ ನಿಮ್ಮನ್ನೇ ನೋಡುತ್ತಿದೆ. ಫೋಟೊಶಾಪ್‌ನ ಲಿಕ್ವಿಫೈನಲ್ಲಿ ಮೂಗು ಎಳೆಯುವ ಅಡ್ಡದಾರಿ ಬೇಡವೇ ಬೇಡ. ಮೂಗಿನ ಪಕ್ಕದ ಚರ್ಮವೂ ಎಳೆದುಕೊಂಡು ಬರುತ್ತದೆ.

ಕತ್ತರಿಸುವ ಮೊದಲೇ ಅಳೆಯಿರಿ. ಮೂಗಿನ ತುದಿಯಿಂದ ಎರಡೂ ಕೆನ್ನೆಗಳ ಅಂಚಿಗೆ ಎಷ್ಟು ದೂರ? ಒಂದರಲ್ಲಿ ಎರಡೂ ಕಡೆ ಸಮ, ಇನ್ನೊಂದರಲ್ಲಿ ಒಂದು ಕಡೆ ಇಮ್ಮಡಿ ಇದ್ದರೆ ಮುಖ ತರಲು ಆರಿಸಿದ ಫೋಟೊ ಬಿಟ್ಟು ಬೇರೆ ಹುಡುಕಿ. ಎದುರು ದಿಕ್ಕಿಗೆ ತಿರುಗಿದ ಮುಖವನ್ನು ಕನ್ನಡಿಯಂತೆ ಮಗುಚಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮಚ್ಚೆ, ಬೈತಲೆ, ಬೆಳಕು ಎಲ್ಲವೂ ಕಡೆ ಬದಲಿಸುತ್ತವೆ.

3. ತಗ್ಗಿದ ಅಥವಾ ಎತ್ತಿದ ತಲೆ. ಕಿವಿ ನೋಡಿ. ತಲೆ ತಗ್ಗಿಸಿದರೆ ಕಣ್ಣಿಗೆ ಹೋಲಿಸಿದಾಗ ಕಿವಿ ಮೇಲೇರಿದಂತೆ ಕಾಣುತ್ತದೆ, ಎತ್ತಿದರೆ ಇಳಿದಂತೆ. ಒಂದರಲ್ಲಿ ಮೂಗಿನ ಹೊಳ್ಳೆಗಳು ಚೆನ್ನಾಗಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಅವೆರಡೂ ಜೋಡಿಯಾಗುವುದಿಲ್ಲ. ಮುಖದ ಉದ್ದ ಎಳೆದು ಸರಿಮಾಡಲು ಹೋಗಬೇಡಿ.

4. ಕೂರಿಸುವುದು. ಕೋನ ಹೊಂದಿದ ಮೇಲೆ ಲೇಯರ್ ಮಾಸ್ಕ್ ಹಾಕಿ ಬೇಡದ ಭಾಗ ಮರೆಮಾಡಿ, ಅಂಚು ಮೃದು ಮಾಡಿ, ಬಣ್ಣ ಸರಿಹೊಂದಿಸಿ. ಅಷ್ಟೇ.

ಹೊಂದುವ ಫೋಟೊ ಸಿಗಲೇ ಇಲ್ಲವೇ? ಹಾಗಾದರೆ ಇಡೀ ಮುಖ ತರಬೇಡಿ, ಎರಡು ಕಣ್ಣುಗಳನ್ನಷ್ಟೇ ಬೇರೆ ಬೇರೆ ಲೇಯರ್‌ನಲ್ಲಿ ತಂದು ಒಂದೊಂದಾಗಿ ಕೂರಿಸಿ. ಕಣ್ಣು ಮೂಗಿನಷ್ಟು ಚಾಚಿಲ್ಲ, ಹಾಗಾಗಿ ಕೋನದ ಸಣ್ಣ ವ್ಯತ್ಯಾಸ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.