ಶೇ 0.5 ಇಳಿಯಿತು ಎಂದರೆ ಎಷ್ಟು ಇಳಿಯಿತು?

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್, ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6ರಿಂದ ಶೇ 5.50ಕ್ಕೆ ಇಳಿಸಿತು. ಮಡಿಕೇರಿಯ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿದ್ದ ನಾನು ‘ರೆಪೊ ದರ ಶೇ 0.5ರಷ್ಟು ಇಳಿಕೆ’ ಎಂದು ತಲೆಬರಹ ಕೊಟ್ಟೆ. ಮರುದಿನ ಬೆಳಿಗ್ಗೆ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿದರು. ‘ನನ್ನ ಮನೆ ಸಾಲಕ್ಕೆ ಶೇ 9 ಬಡ್ಡಿ ಸರ್, ರೆಪೊ ದರಕ್ಕೆ ಜೋಡಿಸಿದ್ದು. ಈಗ ಕಟ್ಟುವ ಬಡ್ಡಿಯಲ್ಲಿ ಶೇ 0.5 ಕಡಿಮೆ ಎಂದರೆ ಹತ್ತು ಲಕ್ಷಕ್ಕೆ ವರ್ಷಕ್ಕೆ ನಾನೂರೈವತ್ತು ರೂಪಾಯಿ ಉಳಿಯಿತು, ಅಷ್ಟೇ ಅಲ್ಲವೇ?’ ಎಂದು ಕೇಳಿದರು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಬರೆದ ವಾಕ್ಯವನ್ನು ಅವರು ಅದು ಹೇಳಿದಂತೆಯೇ ಓದಿದ್ದರು. ತೊಂಬತ್ತು ಸಾವಿರ ರೂಪಾಯಿ ಬಡ್ಡಿಯ ಶೇ 0.5 ಎಂದರೆ 450 ರೂಪಾಯಿಯೇ. ಆದರೆ ನಡೆದದ್ದು ಬೇರೆ. ಆರರಲ್ಲಿ ಅರ್ಧ ಕಳೆದು ಐದೂವರೆ ಆಗಿತ್ತು, ಅಂದರೆ ಇಳಿಕೆ 0.5 ಶೇಕಡಾವಾರು ಅಂಶ. ಬ್ಯಾಂಕಿನವರ ಮಾತಿನಲ್ಲಿ ಅದು 50 ಮೂಲಾಂಶ, ಒಂದು ಅಂಶಕ್ಕೆ ನೂರು ಮೂಲಾಂಶ. ಅದನ್ನೇ ಆರರಿಂದ ಭಾಗಿಸಿ ನೋಡಿದರೆ ಇಳಿಕೆ ಸುಮಾರು ಶೇ 8.3.

ಅವರಿಗೆ ವಿವರಿಸಲು ನಾನು ಹಿಡಿದದ್ದು ನಮ್ಮಲ್ಲಿ ಬಡ್ಡಿಯ ಮಾತು ನಡೆಯುವ ರೀತಿಯನ್ನೇ. ಕೈಸಾಲ ಕೊಡುವವರು ‘ನೂರಕ್ಕೆ ಎರಡು ರೂಪಾಯಿ’ ಎನ್ನುತ್ತಾರೆ, ಅದು ತಿಂಗಳ ಲೆಕ್ಕ. ಬ್ಯಾಂಕಿನದು ವರ್ಷದ ಲೆಕ್ಕ, ಇಷ್ಟೇ ವ್ಯತ್ಯಾಸ. ‘ನೂರಕ್ಕೆ ಒಂಬತ್ತು ರೂಪಾಯಿ ಇದ್ದದ್ದು ಎಂಟೂವರೆ ಆಗುತ್ತದೆ’ ಎಂದಾಗ ಅವರು ತಾವೇ ಗುಣಿಸಿ, ಹತ್ತು ಲಕ್ಷಕ್ಕೆ 85,000, ಉಳಿತಾಯ 5,000 ಎಂದು ಹೇಳಿದರು. ಅಸಲು ವರ್ಷವಿಡೀ ಹಾಗೆಯೇ ಇರುತ್ತದೆ ಎಂದು ಹಿಡಿದ ಅಂದಾಜು ಇದು, ಮತ್ತು ಬ್ಯಾಂಕ್ ದರವನ್ನು ಪರಿಷ್ಕರಿಸುವ ದಿನದಿಂದಷ್ಟೇ ಅನ್ವಯವಾಗುತ್ತದೆ.

ತಪ್ಪನ್ನು ಸರಿಪಡಿಸುವ ಅವಸರದಲ್ಲಿ ‘ರೆಪೊ ದರ ಶೇ 8.3ರಷ್ಟು ಇಳಿಕೆ’ ಎಂದು ಬರೆಯುವ ಯೋಚನೆಯೂ ನನಗೆ ಬಂದಿತ್ತು. ಹಾಗೆ ಬರೆದಿದ್ದರೆ ಗಣಿತ ಸರಿಯಿದ್ದೂ ಓದುಗರು ಇನ್ನೊಂದು ಕಡೆಗೆ ದಾರಿ ತಪ್ಪುತ್ತಿದ್ದರು, ಏಕೆಂದರೆ ಅದೇ ಬೆಳೆಗಾರರು 90,000ದ ಶೇ 8.3 ತೆಗೆದು ಸುಮಾರು 7,500 ರೂಪಾಯಿ ಉಳಿಯುತ್ತದೆಂದು ಭಾವಿಸುತ್ತಿದ್ದರು. ಅವರ ದರ ಕಟ್ಟಿರುವುದು ಕೂಡಿಕೆಯಿಂದ: ರೆಪೊ 6, ಅದರ ಮೇಲೆ ಬ್ಯಾಂಕಿನ ಪಾಲು 3. ರೆಪೊ ಅರ್ಧ ಅಂಶ ಇಳಿದರೆ ಒಟ್ಟು ದರವೂ ಅರ್ಧ ಅಂಶವೇ ಇಳಿಯುತ್ತದೆ, ಮೇಲಿನ ಮೂರು ಕದಲುವುದಿಲ್ಲ. ಹೀಗಾಗಿ ಅಂಶದ ಲೆಕ್ಕ ರಿಸರ್ವ್ ಬ್ಯಾಂಕಿನಿಂದ ಸಾಲಗಾರರವರೆಗೆ ಹಾಗೆಯೇ ಬರುತ್ತದೆ. ಶೇಕಡಾ ಲೆಕ್ಕ ಬರುವುದಿಲ್ಲ. ರೆಪೊದಲ್ಲಿ ಶೇ 8.3 ಆದದ್ದು ಅವರ ಸಾಲದಲ್ಲಿ ಶೇ 5.6 ಮಾತ್ರ. ಬಡ್ಡಿ ದರದ ಸುದ್ದಿಯಲ್ಲಿ ಅಂಶವನ್ನೇ ಬರೆಯಬೇಕೆಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ನಿರುದ್ಯೋಗದ ಅಂಕಿಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕಾಗುತ್ತದೆ. ಕೇಂದ್ರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ 2021–22ರಲ್ಲಿ ಶೇ 4.1 ಇದ್ದದ್ದು 2022–23ರಲ್ಲಿ ಶೇ 3.2ಕ್ಕೆ ಬಂತು. ಕಳೆದರೆ 0.9 ಅಂಶ, ಭಾಗಿಸಿದರೆ ಸುಮಾರು ಶೇ 22. ‘ನಿರುದ್ಯೋಗ ಶೇ 22ರಷ್ಟು ಇಳಿಕೆ’ ಎಂದು ಬರೆದರೆ ಕೆಲಸವಿಲ್ಲದವರ ಸಂಖ್ಯೆಯೇ ಅಷ್ಟು ತಗ್ಗಿತೆಂದು ಓದುಗರು ತಿಳಿಯುತ್ತಾರೆ. ಇಳಿದದ್ದು ದರ. ಇಲ್ಲಿಯ ‘ನೂರು’ ಎಂದರೆ ಎಲ್ಲ ಜನರಲ್ಲ, ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಮಾತ್ರ, ಮತ್ತು ಆ ವರ್ಷ ಆ ಗುಂಪೇ ದೊಡ್ಡದಾಗಿತ್ತು. ನಾನು ಬರೆಯುವುದು ಹೀಗೆ: ‘ಕೆಲಸ ಮಾಡುವ ಅಥವಾ ಹುಡುಕುವ ಪ್ರತಿ ಸಾವಿರ ಜನರಲ್ಲಿ 41 ಮಂದಿಗೆ ಕೆಲಸ ಇರಲಿಲ್ಲ, ಮರುವರ್ಷ 32 ಮಂದಿಗೆ ಇರಲಿಲ್ಲ.’ ನೂರರ ಬದಲು ಸಾವಿರ ಹಿಡಿದರೆ ದಶಮಾಂಶದ ತೊಡಕು ಹೋಗುತ್ತದೆ.

ಕನ್ನಡದಲ್ಲಿ ತಪ್ಪು ನುಸುಳುವ ಜಾಗ ಹೆಚ್ಚಾಗಿ ‘ರಷ್ಟು’ ಎಂಬಲ್ಲಿ. ‘ಶೇ 3ಕ್ಕೆ ಇಳಿಯಿತು’ ಎಂದರೆ ತಲುಪಿದ ಮಟ್ಟ; ‘ಶೇ 3ರಷ್ಟು ಇಳಿಯಿತು’ ಎಂದರೆ ಕಳೆದದ್ದು ಮೂರು ಅಂಶವೋ ನೂರರಲ್ಲಿ ಮೂರು ಪಾಲೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ಆದ್ದರಿಂದ ದರದ ಸುದ್ದಿ ಮೇಜಿಗೆ ಬಂದಾಗ ‘ರಷ್ಟು’ ಎಂಬುದನ್ನು ಮೊದಲು ಹುಡುಕುತ್ತೇನೆ, ಸಿಕ್ಕಲ್ಲೆಲ್ಲ ಹಳೆಯ ದರ ಮತ್ತು ಹೊಸ ದರ ಎರಡನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಹಳೆಯ ದರ ಸಿಗದಿದ್ದರೆ ಇಳಿಕೆಯ ಪ್ರಮಾಣವನ್ನು ತೆಗೆದು, ಈಗಿನ ಮಟ್ಟವನ್ನಷ್ಟೇ ಉಳಿಸುತ್ತೇನೆ. 2025ರ ಡಿಸೆಂಬರ್‌ನಲ್ಲಿ ರೆಪೊ ಮತ್ತೆ ಇಳಿದಾಗ ನಾನು ಕೊಟ್ಟ ತಲೆಬರಹ ‘ರೆಪೊ ದರ ಶೇ 5.50ರಿಂದ 5.25ಕ್ಕೆ’ ಎಂದಿತ್ತು. ಅದರ ಕೆಳಗೆ, ರೆಪೊಗೆ ಜೋಡಿಸಿದ ಸಾಲದಲ್ಲಿ ಹತ್ತು ಲಕ್ಷಕ್ಕೆ ವರ್ಷಕ್ಕೆ ಸುಮಾರು 2,500 ರೂಪಾಯಿ ಬಡ್ಡಿ ಕಡಿಮೆಯಾಗುತ್ತದೆ ಎಂಬ ಒಂದು ಸಾಲು ಸೇರಿಸಿದೆ.